ಬರ್ತಿನಡಿಯ ಸಿಲಿಂಡರು



ರೈಲಿನಲ್ಲಿ, ಬಸ್ಸಿನಲ್ಲಿ ಪೆಟ್ರೋಲು, ಪಟಾಕಿ, ಒಲೆ ಒಯ್ಯಬಾರದು ಎಂಬ ಫಲಕವನ್ನು ನೋಡದವರು ಈ ಸಭೆಯಲ್ಲಿ ಇರಲಾರರು. ಯಾಕೆ ಒಯ್ಯಬಾರದು ಎಂದರೆ, ಬೆಂಕಿ ಹತ್ತುತ್ತದೆ ಎನ್ನುತ್ತೇವೆ. ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಫಲಕದ ಕೆಳಗೇ ನಿಂತು ಚೀಲದಲ್ಲಿ ಸಣ್ಣ ಸಿಲಿಂಡರು ಇಟ್ಟುಕೊಂಡವನ ಮನಸ್ಸಿನಲ್ಲಿ ಇನ್ನೊಂದು ಮಾತಿರುತ್ತದೆ: ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದೇ ಒಲೆ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲವಲ್ಲ! ಅವನ ಮಾತು ಸುಳ್ಳಲ್ಲ. ಮನೆಯಲ್ಲಿ ಸುಮ್ಮನಿರುವ ವಸ್ತು ಬೋಗಿಯೊಳಗೆ ಬಂದಾಗ ಬದಲಾಗುವುದು ಏನು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ರೈಲು ಬೋಗಿಗಳ ದುರಸ್ತಿಯಲ್ಲೇ ನೌಕರಿ ಕಳೆದವನು ನಾನು. ಇವತ್ತು ಅಷ್ಟನ್ನು ಮಾತ್ರ ಹೇಳಲು ಪ್ರಯತ್ನಿಸುತ್ತೇನೆ.

2023ರ ಆಗಸ್ಟ್ 26ರ ಮದುರೈ ಘಟನೆಯಿಂದ ಶುರು ಮಾಡೋಣ. ಉತ್ತರ ಪ್ರದೇಶದ ಲಖನೌದಿಂದ ಸುಮಾರು ಅರವತ್ತು ಜನ ಯಾತ್ರಿಕರು ಆ ತಿಂಗಳ 17ರಂದು ದಕ್ಷಿಣದ ಕ್ಷೇತ್ರಗಳನ್ನು ನೋಡಲು ಹೊರಟಿದ್ದರು. ಅವರಿಗಾಗಿ ಒಂದು ಪೂರ್ತಿ ಬೋಗಿಯನ್ನೇ ಕಾಯ್ದಿರಿಸಲಾಗಿತ್ತು. ಇದಕ್ಕೆ ಪ್ರೈವೇಟ್ ಪಾರ್ಟಿ ಕೋಚ್ ಎನ್ನುತ್ತಾರೆ. ಹಣ ಕಟ್ಟಿದರೆ ಬೋಗಿ ನಿಮ್ಮದು. ನೀವು ಹೇಳಿದ ಊರಿನಲ್ಲಿ ಅದನ್ನು ಬಿಚ್ಚಿ ನಿಲ್ಲಿಸುತ್ತಾರೆ, ನೀವು ದೇವಸ್ಥಾನ ನೋಡಿ ಬಂದ ಮೇಲೆ ಮತ್ತೊಂದು ರೈಲಿಗೆ ಜೋಡಿಸುತ್ತಾರೆ. ಈ ಬೋಗಿಯನ್ನು 25ರಂದು ನಾಗರಕೋಯಿಲ್‌ನಲ್ಲಿ ಪುನಲೂರು–ಮದುರೈ ಎಕ್ಸ್‌ಪ್ರೆಸ್ಸಿಗೆ ಜೋಡಿಸಿದರು. ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಅದು ಮದುರೈ ತಲುಪಿತು. ರೈಲಿನಿಂದ ಬೇರ್ಪಡಿಸಿ ಪಕ್ಕದ ಹಳಿಯಲ್ಲಿ ನಿಲ್ಲಿಸಿದರು. 5 ಗಂಟೆ 15 ನಿಮಿಷಕ್ಕೆ ಬೆಂಕಿ ಕಂಡಿತು. ಅರ್ಧ ಗಂಟೆಯಲ್ಲಿ ಅಗ್ನಿಶಾಮಕ ದಳ ಬಂತು, 7 ಗಂಟೆ 15ಕ್ಕೆ ಬೆಂಕಿ ಆರಿತು. ಅಷ್ಟರಲ್ಲಿ ಒಂಬತ್ತು ಜನ ಹೋಗಿದ್ದರು. ಯಾತ್ರಿಕರು ಗುಟ್ಟಾಗಿ ಒಯ್ದಿದ್ದ ಗ್ಯಾಸ್ ಸಿಲಿಂಡರೇ ಬೆಂಕಿಗೆ ಕಾರಣ ಎಂದು ದಕ್ಷಿಣ ರೈಲ್ವೆ ಅಂದೇ ಹೇಳಿತು. ಬೆಳಗಿನ ಚಹಾದ ತಯಾರಿ ನಡೆದಿತ್ತು ಎಂದು ಆಗ ವರದಿಯಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ರೈಲು ಓಡುತ್ತಿರಲಿಲ್ಲ, ನಿಂತಿತ್ತು. ಇಳಿದು ಹೋಗಲು ನೆಲ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ದೊಡ್ಡ ಊರು, ದೊಡ್ಡ ನಿಲ್ದಾಣ. ಕೆಲವರು ಅದಾಗಲೇ ಇಳಿದಿದ್ದರು, ಬೆಂಕಿ ಕಂಡೊಡನೆ ಇನ್ನೂ ಹಲವರು ಇಳಿದರು. ಹೀಗಿದ್ದೂ ಒಂಬತ್ತು ಜೀವ. ಅಡುಗೆಯ ಬೆಂಕಿಯಲ್ಲವೇ, ಕಂಡೊಡನೆ ಇಳಿದರಾಯಿತು ಎನ್ನುವವರಿಗೆ ಈ ಒಂದು ಉದಾಹರಣೆ ಸಾಕು.

ಈಗ ಸ್ವಲ್ಪ ಲೆಕ್ಕ ಹಾಕೋಣ, ಕಷ್ಟದ್ದಲ್ಲ. ನಮ್ಮ ಸಾಮಾನ್ಯ ಸ್ಲೀಪರ್ ಬೋಗಿಯ ಒಳಗಿನ ಜಾಗ ಉದ್ದ ಸುಮಾರು 21 ಮೀಟರ್, ಅಗಲ 3, ಎತ್ತರ ಎರಡೂವರೆ. ಗುಣಿಸಿದರೆ ಹತ್ತಿರ ಹತ್ತಿರ 160 ಘನ ಮೀಟರ್ ಗಾಳಿ. ಶೌಚಾಲಯ, ಬಾಗಿಲ ಬಳಿಯ ಜಾಗ ಕಳೆದು, ಮೇಲೆ ಕೆಳಗೆ ಬರ್ತುಗಳಿರುವ ಒಂದೊಂದು ಅಂಕಣಕ್ಕೆ ಪಾಲು ಹಂಚಿದರೆ ಸುಮಾರು 15 ಘನ ಮೀಟರ್ ಬರುತ್ತದೆ. ಅಡುಗೆ ಅನಿಲ ಸಿಲಿಂಡರಿನೊಳಗೆ ದ್ರವವಾಗಿರುತ್ತದೆ. ಹೊರಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಒಂದು ಕಿಲೋ ದ್ರವದಿಂದ ಅರ್ಧ ಘನ ಮೀಟರಿಗೆ ತುಸು ಕಡಿಮೆ ಅನಿಲ ಹುಟ್ಟುತ್ತದೆ. ಇದು ಗಾಳಿಯಲ್ಲಿ ಬೆರೆತು ಶೇಕಡಾ 2 ಆದರೆ ಸಾಕು, ಆ ಮಿಶ್ರಣ ಕಿಡಿ ಸಿಕ್ಕಲ್ಲಿ ಹೊತ್ತಿಕೊಳ್ಳುತ್ತದೆ. ಅಂದರೆ ಒಂದು ಕಿಲೋ ಅನಿಲ 20 ಘನ ಮೀಟರಿಗೂ ಹೆಚ್ಚು ಗಾಳಿಯನ್ನು ಉರಿಯುವ ಗಾಳಿಯಾಗಿ ಮಾಡಬಲ್ಲದು. ನಿಮ್ಮ ಅಂಕಣ ಇರುವುದು 15. ಮನೆಗೆ ಬರುವ 14.2 ಕಿಲೋ ಸಿಲಿಂಡರು ಪೂರ್ತಿ ಸೋರಿದರೆ 300 ಘನ ಮೀಟರಿಗೂ ಹೆಚ್ಚು. ಅಂಥ ಎರಡು ಬೋಗಿಗಳಿಗೆ ಆಗುವಷ್ಟು.

ಮನೆಯಲ್ಲೂ ಅದೇ ಸಿಲಿಂಡರಲ್ಲವೇ ಎಂದು ಕೇಳಬಹುದು. ಮನೆಯಲ್ಲಿ ಅದು ನೇರ ನಿಂತಿರುತ್ತದೆ. ಒಳಗೆ ದ್ರವ ಕೆಳಗೆ, ಅನಿಲ ಮೇಲೆ, ಮೇಲಿನ ಅನಿಲ ಮಾತ್ರ ರೆಗ್ಯುಲೇಟರಿಗೆ ಬರುತ್ತದೆ. ರೈಲಿನಲ್ಲಿ ಸಿಲಿಂಡರನ್ನು ಯಾರ ಕಣ್ಣಿಗೂ ಬೀಳದಂತೆ ಬಚ್ಚಿಡಬೇಕು. ಬಚ್ಚಿಡಲು ಇರುವ ಜಾಗ ಬರ್ತಿನಡಿ. ಅಲ್ಲಿ ಅದು ನಿಲ್ಲುವುದಿಲ್ಲ, ಮಲಗಿಸುತ್ತಾರೆ. ಮಲಗಿಸಿದರೆ ಬಾಯಿಯ ಹತ್ತಿರ ಬರುವುದು ದ್ರವ. ವಾಲ್ವು ಚೂರು ಸಡಿಲವಿದ್ದರೂ ಹೊರಬರುವುದು ದ್ರವವೇ, ಅಲ್ಲೇ 250 ಪಟ್ಟು ಹಿಗ್ಗುತ್ತದೆ. ಅದರ ಮೇಲೆ ರಾತ್ರಿಯಿಡೀ ಬೋಗಿಯ ಕುಲುಕಾಟ, ಪಕ್ಕದ ಟ್ರಂಕಿನ ಗುದ್ದು, ಹಳೆಯ ರಬ್ಬರ್ ಟ್ಯೂಬಿನ ಮೇಲೆ ಯಾರದೋ ಕಾಲು. ಗುಟ್ಟಾಗಿ ಒಯ್ಯುವುದರಿಂದಲೇ ಅಪಾಯ ಇಮ್ಮಡಿಯಾಗುತ್ತದೆ ಎನ್ನುವುದು ಈ ಕಾರಣಕ್ಕೆ.

ಇನ್ನೊಂದು, ಈ ಅನಿಲ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲ ಹಿಡಿದು ಹರಿಯುತ್ತದೆ. ಓಡುವ ರೈಲಿನಲ್ಲಿ ಕಿಟಕಿ ತೆರೆದಿದ್ದರೆ ಸ್ವಲ್ಪ ಚದುರುತ್ತದೆ. ಮುಂಜಾವಿನ ಚಳಿಗೆ ಕಿಟಕಿ ಇಳಿಸಿ ನಿಂತ ಬೋಗಿಯಲ್ಲಿ ಬರ್ತುಗಳಡಿ ಮಡುಗಟ್ಟುತ್ತದೆ. ವಾಸನೆ ಬರಲೆಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಕಟು ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಹೊತ್ತಿಕೊಳ್ಳುವ ಪ್ರಮಾಣದ ಐದನೆಯ ಒಂದು ಪಾಲಿದ್ದಾಗಲೇ ಮೂಗಿಗೆ ತಿಳಿಯಬೇಕು ಎಂಬುದು ಅದರ ನಿಯಮ. ಎಚ್ಚರವಿದ್ದವರಿಗೆ ಇದು ಒಳ್ಳೆಯ ರಕ್ಷಣೆ. ನಿದ್ದೆಯಲ್ಲಿ ಇರುವವರನ್ನು ವಾಸನೆ ಎಬ್ಬಿಸುತ್ತದೆ ಎಂದು ನಂಬುವಂತಿಲ್ಲ. ಮೇಲಿನ ಬರ್ತಿನವನಿಗಂತೂ ನೆಲದ ಅನಿಲದ ಸುಳಿವು ತಡವಾಗಿಯೇ ಸಿಗುತ್ತದೆ.

ಈ ಯಾತ್ರಿಕರನ್ನು ಬೈಯುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ನಮ್ಮ ಕಡೆಯ ಕಾಶಿಯಾತ್ರೆಯ ಬಸ್ಸುಗಳನ್ನು ನೋಡಿ. ಅಡುಗೆಯವರು, ದೊಡ್ಡ ಪಾತ್ರೆ, ಅಕ್ಕಿ ಬೇಳೆಯ ಚೀಲ, ಜೊತೆಗೆ ಸಿಲಿಂಡರು, ಭಟ್ಟಿ ಬರ್ನರು, ಎಲ್ಲವೂ ಡಿಕ್ಕಿಯಲ್ಲಿ. ಹದಿನೈದು ದಿನ ಪರ ಊರಿನ ಊಟ ಮಾಡಲಾಗದ ಮುದುಕರು, ಮಡಿ ಹಿಡಿದವರು, ಹೋಟೆಲಿನ ಖರ್ಚು ಹೊರಲಾಗದವರು ಇದ್ದೇ ಇರುತ್ತಾರೆ. ಮನೆ ಅಡುಗೆ ಉಂಟು ಎಂದು ಜಾಹೀರಾತು ಕೊಟ್ಟೇ ಯಾತ್ರೆಯ ಏಜೆಂಟರು ಟಿಕೆಟ್ ಮಾರುತ್ತಾರೆ. ತಪ್ಪಿನ ಬೇರು ಅಲ್ಲಿದೆ. ಊಟ ಕೊಡುತ್ತೇನೆ ಎಂದು ದುಡ್ಡು ತೆಗೆದುಕೊಂಡವನು ಅದನ್ನು ಎಲ್ಲಿ ಬೇಯಿಸುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಾದರೆ ಬಯಲಿನಲ್ಲಿ ಇಳಿಸಿ ಹಚ್ಚುತ್ತಾರೆ, ಒಯ್ಯುವುದು ಅಲ್ಲೂ ತಪ್ಪೇ. ರೈಲಿನಲ್ಲಿ ಬಯಲು ಎಲ್ಲಿದೆ? ಆ ಭಟ್ಟಿ ಬರ್ನರು ಗಂಟೆಗೆ ಒಂದು ಕಿಲೋಗೂ ಹೆಚ್ಚು ಅನಿಲ ನುಂಗುತ್ತದೆ. ಜ್ವಾಲೆ ಆರಿ ನಾಬು ತೆರೆದೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಮೇಲಿನ ಲೆಕ್ಕವೇ ಉತ್ತರ.

ಸೀಮೆಎಣ್ಣೆ ಸ್ಟೌವಿನ ಕಥೆ ಬೇರೆ. ಸೀಮೆಎಣ್ಣೆ ತಣ್ಣಗಿದ್ದಾಗ ಸುಲಭಕ್ಕೆ ಹೊತ್ತುವುದಿಲ್ಲ. ಆದರೆ ಉರಿಯುತ್ತಿರುವ ಸ್ಟೌ ಮಗುಚಿಕೊಂಡರೆ ಬಿಸಿ ಎಣ್ಣೆ ಚೆಲ್ಲಿ, ಬೆಂಕಿಯೇ ನೆಲದ ಮೇಲೆ ಹರಿಯುತ್ತದೆ. ರೈಲಿಗೆ ಬ್ರೇಕು ಬಿದ್ದಾಗ, ಹಳಿ ಬದಲಾಯಿಸುವಾಗ ನಿಂತ ಮನುಷ್ಯನೇ ಓಲಾಡುತ್ತಾನೆ, ಮೂರು ಕಾಲಿನ ಸ್ಟೌವಿನ ಪಾಡೇನು. 2002ರ ಫೆಬ್ರವರಿ 20ರಂದು ಈಜಿಪ್ಟಿನ ಕೈರೋದಿಂದ ಲಕ್ಸರ್‌ಗೆ ಹೊರಟ ರೈಲು ಅಲ್ ಅಯ್ಯಾತ್ ಎಂಬಲ್ಲಿ ಉರಿಯಿತು. ಬಕ್ರೀದಿಗೆ ಊರಿಗೆ ಹೊರಟ ಬಡವರು ಮೂರನೇ ದರ್ಜೆಯ ಗಾಡಿಗಳಲ್ಲಿ ಕಿಕ್ಕಿರಿದಿದ್ದರು. ಒಬ್ಬರ ಅಡುಗೆ ಒಲೆಯಿಂದ ಬೆಂಕಿ ಎದ್ದಿತು ಎಂದು ಅಲ್ಲಿನ ಅಧಿಕಾರಿಗಳು ಹೇಳಿದರು. ಚಾಲಕನಿಗೆ ಹಿಂದಿನ ಬೆಂಕಿ ತಿಳಿಯಲಿಲ್ಲ, ಉರಿಯುತ್ತಲೇ ಗಾಡಿ ಕಿಲೋಮೀಟರುಗಟ್ಟಲೆ ಓಡಿತು. ಓಡಿದಷ್ಟೂ ಗಾಳಿ ಊದಿತು, ಏಳು ಗಾಡಿಗಳು ಸುಟ್ಟವು. ಕಿಟಕಿಗೆ ಸರಳು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 360ಕ್ಕೂ ಹೆಚ್ಚು. ಮದುರೈಯಲ್ಲಿ ನಿಂತ ಬೋಗಿ, ಇಲ್ಲಿ ಓಡುವ ಗಾಡಿ. ಹೊತ್ತಿಸಿದ್ದು ಎರಡೂ ಕಡೆ ಅಡುಗೆಯ ಒಲೆಯೇ.

ಬೆಂಕಿಯಲ್ಲಿ ಜನ ಸುಟ್ಟು ಸಾಯುತ್ತಾರೆ ಎಂದು ಹೊರಗಿನವರು ತಿಳಿಯುತ್ತಾರೆ. ಹೆಚ್ಚಿನವರನ್ನು ಮೊದಲು ಬೀಳಿಸುವುದು ಹೊಗೆ. ಬರ್ತಿನ ಫೋಮು, ರೆಕ್ಸಿನು, ಪರದೆ, ಪ್ಲಾಸ್ಟಿಕ್ಕು ಉರಿದಾಗ ಕಾರ್ಬನ್ ಮಾನಾಕ್ಸೈಡು ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಈಗಿನ ಬೋಗಿಗಳಿಗೆ ಬೇಗ ಬೆಂಕಿ ಹಿಡಿಯದ ಬಟ್ಟೆ, ಹಲಗೆ ಹಾಕುತ್ತಾರೆ ನಿಜ. ಆದರೆ ಅವನ್ನು ಪರೀಕ್ಷಿಸುವುದು ಸಣ್ಣ ಜ್ವಾಲೆಗೆ, ಬೀಡಿಯ ಕಿಡಿಗೆ, ವೈರಿನ ಬಿಸಿಗೆ ಎದುರಾಗಿ. ಎರಡು ಲೀಟರ್ ಪೆಟ್ರೋಲಿನ ಬೆಂಕಿಯನ್ನು ಅವು ತಡೆಯುತ್ತವೆ ಎಂದು ಯಾರೂ ಮಾತು ಕೊಟ್ಟಿಲ್ಲ.

ಪೆಟ್ರೋಲಿನ ಮಾತಿಗೆ ಬಂದೆ. ಪೆಟ್ರೋಲು ಹೊತ್ತಲು ಬಿಸಿಯಾಗಬೇಕಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದರಿಂದ ಉರಿಯುವಷ್ಟು ಆವಿ ಏಳುತ್ತದೆ. ಒಂದು ಲೀಟರು ಪೂರ್ತಿ ಆವಿಯಾದರೆ ಸುಮಾರು 200 ಲೀಟರ್ ಆವಿ. ಗಾಳಿಯಲ್ಲಿ ಶೇಕಡಾ ಒಂದೂವರೆಯೂ ಬೇಡ, ಹೊತ್ತಿಕೊಳ್ಳುತ್ತದೆ. ಮತ್ತೆ ಅದೇ ಲೆಕ್ಕ ಮಾಡಿ ನೋಡಿ, ಒಂದು ಬಾಟಲಿ ಪೆಟ್ರೋಲಿಗೆ ಒಂದು ಅಂಕಣ ಸರಿಹೋಗುತ್ತದೆ. ಈ ಆವಿಯೂ ಗಾಳಿಗಿಂತ ಭಾರ. ಚೆಲ್ಲಿದ ಜಾಗದಿಂದ ನೆಲದಗುಂಟ ದೂರ ಹೋಗಿ, ಎಲ್ಲೋ ಬೀಡಿ ಹಚ್ಚಿದವನ ಕಾಲಬುಡದಲ್ಲಿ ಹೊತ್ತಿ, ಬಂದ ದಾರಿಯಲ್ಲೇ ಹಿಂದಕ್ಕೆ ಓಡಿ ಡಬ್ಬಿಯನ್ನು ಸೇರುತ್ತದೆ. ಡಬ್ಬಿ ನನ್ನ ಹತ್ತಿರವಿದೆ, ನಾನು ಬೀಡಿ ಸೇದುವುದಿಲ್ಲ ಎನ್ನುವುದು ಉತ್ತರವಲ್ಲ.

ಮೋಟಾರ್‌ಸೈಕಲನ್ನು ರೈಲಿನ ಪಾರ್ಸೆಲ್ಲಿಗೆ ಹಾಕಿದವರಿಗೆ ಗೊತ್ತು, ಟ್ಯಾಂಕಿನ ಪೆಟ್ರೋಲು ಪೂರ್ತಿ ತೆಗೆಸುತ್ತಾರೆ. ತೆಗೆದ ಮೇಲೂ ಗಾಡಿಯನ್ನು ಸ್ವಲ್ಪ ಹೊತ್ತು ಮುಚ್ಚಳ ತೆರೆದು ಬಿಡುವುದು ಒಳ್ಳೆಯದು. ಖಾಲಿ ಟ್ಯಾಂಕೆಂದರೆ ಆವಿ ತುಂಬಿದ ಟ್ಯಾಂಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗವೇ ಕಡಿಮೆ, ಖಾಲಿಯಾದಾಗ ಗಾಳಿ ಒಳಗೆ ಬಂದು ಆವಿಗೆ ಜೊತೆಯಾಗುತ್ತದೆ. ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ ಬೈಕು ಮಲಗಿಸಿ ಒಯ್ಯುವ ಪದ್ಧತಿ ನಮ್ಮಲ್ಲಿ ಹೇರಳವಾಗಿದೆ. ಅಲ್ಲಿ ಟ್ಯಾಂಕು ಯಾರು ನೋಡುತ್ತಾರೆ ಎಂದು ನೀವೇ ಹೇಳಿ. ಮೇಲೆ ಸ್ಲೀಪರು, ಕೆಳಗೆ ಡಿಕ್ಕಿ, ನಡುವೆ ಒಂದು ಹಲಗೆ.

ಬೈಕಿನ ಪೆಟ್ರೋಲು ಒಂದು ಬಸ್ಸಿಗೆ ಸಾಕೇ ಎಂದು ಸಂಶಯ ಪಡುವವರು 2025ರ ಅಕ್ಟೋಬರ್ 24ರ ಕರ್ನೂಲನ್ನು ನೆನೆಯಬೇಕು. ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಖಾಸಗಿ ಸ್ಲೀಪರ್ ಬಸ್ಸು ಬೆಳಗಿನ ಜಾವ ಒಂದು ಬೈಕಿಗೆ ತಾಗಿ ಅದನ್ನು ಅಡಿಯಲ್ಲಿ ಎಳೆದುಕೊಂಡು ಹೋಯಿತು. ಬೈಕಿನ ಪೆಟ್ರೋಲು ಸೋರಿ, ಉಜ್ಜಿದ ಕಬ್ಬಿಣದ ಕಿಡಿಗೆ ಹೊತ್ತಿ, ಬಸ್ಸಿಗೆ ಏರಿತು. ಬೈಕಿನವನೂ ಸೇರಿ ಇಪ್ಪತ್ತು ಜನ ಸತ್ತರು. ಇಲ್ಲಿ ಪೆಟ್ರೋಲನ್ನು ಯಾರೂ ಚೀಲದಲ್ಲಿ ತಂದಿರಲಿಲ್ಲ, ಒಪ್ಪುತ್ತೇನೆ. ಬಸ್ಸನ್ನು ಸುಡಲು ಎಷ್ಟು ಪೆಟ್ರೋಲು ಬೇಕು ಎಂಬುದನ್ನು ತೋರಿಸಲು ಮಾತ್ರ ಈ ಪ್ರಕರಣವನ್ನು ಹೇಳಿದೆ. ಸ್ಲೀಪರ್ ಬಸ್ಸಿನ ನಡುದಾರಿ ಒಬ್ಬರು ಹೋಗುವಷ್ಟು ಇಕ್ಕಟ್ಟು, ಬಾಗಿಲು ಮುಂದೆ ಒಂದೇ. ಎ.ಸಿ. ಬಸ್ಸಾದರೆ ಕಿಟಕಿ ತೆರೆಯುವುದಿಲ್ಲ, ಗಾಜು ಒಡೆಯಬೇಕು. ರೈಲಿನ ಬೋಗಿಯಲ್ಲಿ ನಾಲ್ಕು ಬಾಗಿಲಾದರೂ ಇರುತ್ತವೆ.

ಪಟಾಕಿ ಇವೆರಡಕ್ಕಿಂತ ಬೇರೆ ಜಾತಿ. ಗ್ಯಾಸಿಗೂ ಪೆಟ್ರೋಲಿಗೂ ಗಾಳಿಯ ಆಮ್ಲಜನಕ ಬೇಕು. ಪಟಾಕಿಯ ಮದ್ದಿನಲ್ಲಿ ಅದನ್ನು ಒದಗಿಸುವ ನೈಟ್ರೇಟು ಮೊದಲಾದ ಲವಣವನ್ನು ಗಂಧಕ, ಅಲ್ಯೂಮಿನಿಯಂ ಪುಡಿಗಳ ಜೊತೆ ಬೆರೆಸಿಯೇ ಇರುತ್ತಾರೆ. ಹಾಗಾಗಿ ಕಂಬಳಿ ಮುಚ್ಚಿದರೆ, ಬೋಗಿಯಲ್ಲಿ ತೂಗುಹಾಕಿದ ಬೆಂಕಿ ಆರಿಸುವ ಸಿಲಿಂಡರಿನ ಪುಡಿ ಎರಚಿದರೆ ಅದು ಆರುವುದಿಲ್ಲ. ಒಂದು ಪೊಟ್ಟಣ ಹೊತ್ತಿದರೆ ಪಕ್ಕದ್ದಕ್ಕೆ ತಾನೇ ದಾಟುತ್ತದೆ, ಹಾರಿ ಹೋಗಿ ದೂರದ ಬರ್ತಿಗೂ ಕಿಡಿ ಕೊಡುತ್ತದೆ. ಕ್ಲೋರೇಟು ಗಂಧಕಗಳ ಮಿಶ್ರಣವಂತೂ ಉಜ್ಜಾಟಕ್ಕೇ ಸಿಡಿಯುತ್ತದೆ. ಅದಕ್ಕೇ ಪಟಾಕಿಗಳಲ್ಲಿ ಆ ಜೋಡಿಯನ್ನು 1992ರಲ್ಲೇ ನಿಷೇಧಿಸಿದರು. ನಿಷೇಧಿಸಿದ ಮಾತ್ರಕ್ಕೆ ಪೇಟೆಯಿಂದ ಮಾಯವಾಗಿಲ್ಲ. 2024ರ ಅಕ್ಟೋಬರ್ 28ರಂದು, ದೀಪಾವಳಿಯ ಹೊಸ್ತಿಲಲ್ಲಿ, ಹರಿಯಾಣದ ಜೀಂದ್‌ನಿಂದ ದೆಹಲಿಗೆ ಹೊರಟ ಪ್ಯಾಸೆಂಜರ್ ರೈಲಿನಲ್ಲಿ ಸಾಂಪ್ಲಾ ಬಳಿ ಸ್ಫೋಟವಾಗಿ ನಾಲ್ವರಿಗೆ ಗಾಯವಾಯಿತು. ಒಬ್ಬ ಪ್ರಯಾಣಿಕರ ಸಾಮಾನಿನಲ್ಲಿದ್ದ ಗಂಧಕ–ಪೊಟ್ಯಾಷ್ ಹೊತ್ತಿತು ಎಂದು ಪ್ರಾಥಮಿಕ ತನಿಖೆಯ ವರದಿ ಬಂತು. ಪುಣ್ಯಕ್ಕೆ ನಾಲ್ವರ ಗಾಯಕ್ಕೆ ನಿಂತಿತು. ನಮ್ಮ ಬೆಂಗಳೂರಿನವರು ಅಗ್ಗಕ್ಕೆ ಸಿಗುತ್ತದೆಂದು ಹೊಸೂರು, ಅತ್ತಿಬೆಲೆ ಕಡೆಯಿಂದ ಪಟಾಕಿ ಡಬ್ಬ ಹೊತ್ತು ಬಸ್ಸು ಹತ್ತುತ್ತಾರೆ. 2023ರ ಅಕ್ಟೋಬರ್ 7ರಂದು ಅದೇ ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತದ್ದು ಎಷ್ಟು ಜನರ ನೆನಪಿನಲ್ಲಿ ಉಳಿದಿದೆಯೋ!

ಬೆಂಕಿ ಯಾವುದರಿಂದ ಬಂತೆಂದು ಆಮೇಲೆ ಹೇಗೆ ತಿಳಿಯುತ್ತದೆ ಎಂದು ನನ್ನನ್ನು ಹಲವರು ಕೇಳುತ್ತಾರೆ. ಬೋಗಿ ಸುಟ್ಟಾಗ ಪ್ರತಿಯೊಬ್ಬರೂ ಮೊದಲು ಹೇಳುವುದು ಶಾರ್ಟ್ ಸರ್ಕ್ಯೂಟ್. ಅದು ನಿಜವಾಗಿಯೂ ಇರಬಹುದು, ಇಲ್ಲದಿರಬಹುದು. ವೈರಿನಲ್ಲಿ ಶಾರ್ಟ್ ಆಗಿದ್ದರೆ ತಾಮ್ರದ ತುದಿಯಲ್ಲಿ ಸಣ್ಣ ಗುಂಡಿನಂಥ ಮಣಿ ಕಟ್ಟಿರುತ್ತದೆ, ಅದರಾಚೆಯ ತಂತಿ ಹಾಗೇ ಉಳಿದಿರುತ್ತದೆ. ಹೊರಗಿನ ಬೆಂಕಿಗೆ ಕರಗಿದ ತಂತಿಯಲ್ಲಿ ಅಂಥ ಗಡಿ ಇರುವುದಿಲ್ಲ, ಉದ್ದಕ್ಕೂ ಸೊರಗಿರುತ್ತದೆ. ಆದರೆ ಬೆಂಕಿ ತಾನೇ ವೈರಿನ ಹೊದಿಕೆಯನ್ನು ತಿಂದು ಆಮೇಲೆ ಶಾರ್ಟ್ ಮಾಡಿಸಲೂಬಹುದು. ಅದರಿಂದ ಮಣಿಯೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ಪೆಟ್ರೋಲು ಚೆಲ್ಲಿದ್ದರೆ ನೆಲ ತೀರಾ ಕೆಳಗಿನಿಂದ, ಹರಿದ ಆಕಾರದಲ್ಲಿ ಸುಟ್ಟಿರುತ್ತದೆ. ನೆಲದ ಬಿರುಕಿನ ಮಸಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸಿಲಿಂಡರಿದ್ದರೆ ಅದು ಎಲ್ಲಿತ್ತು, ನಿಂತಿತ್ತೋ ಮಲಗಿತ್ತೋ, ರೆಗ್ಯುಲೇಟರಿನ ಗುಬುಟು ಯಾವ ಕಡೆ ತಿರುಗಿತ್ತು, ಇವನ್ನೆಲ್ಲ ಬೋಗಿ ಎಳೆದೊಯ್ಯುವ ಮುಂಚೆಯೇ ಚಿತ್ರ ತೆಗೆಯಬೇಕು. ರಕ್ಷಣೆಯ ಗಡಿಬಿಡಿಯಲ್ಲಿ ಮೊದಲು ಹಾಳಾಗುವುದು ಈ ಗುರುತುಗಳೇ.

ಇನ್ನು ಕಾನೂನು. 1989ರ ರೈಲ್ವೆ ಕಾಯ್ದೆಯ 67ನೇ ಕಲಂ ಅಪಾಯಕಾರಿ ವಸ್ತು ಒಯ್ಯುವುದನ್ನು ತಡೆಯುತ್ತದೆ. 164ನೇ ಕಲಂ ಅದಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಬರೆದಿದೆ. ಅದರಿಂದ ಆದ ನಷ್ಟವನ್ನೂ ಒಯ್ದವನೇ ತುಂಬಬೇಕು. ಸಾವಿರ ರೂಪಾಯಿ ಎಂಬ ದಂಡವನ್ನು ಓದಿದರೆ ಈಗ ನಗು ಬರುತ್ತದೆ, ಒಂದು ಸಿಲಿಂಡರಿನ ಬೆಲೆಯ ಆಸುಪಾಸು. ದಂಡ ಹೆಚ್ಚಿಸಿದರೆ ಬೆಂಕಿ ಕಡಿಮೆಯಾಗುತ್ತದೆ ಎಂದು ನಾನು ನಂಬುವುದಿಲ್ಲ. ಲಗೇಜಿಗೆ ಎಕ್ಸ್‌ರೇ ಯಂತ್ರ ಇರುವುದು ದೊಡ್ಡ ನಿಲ್ದಾಣಗಳಲ್ಲಿ. ಸಣ್ಣ ಊರಿನಲ್ಲಿ ನಾಲ್ಕೂ ಕಡೆಯಿಂದ ಪ್ಲಾಟ್‌ಫಾರಂಗೆ ದಾರಿ. ಬಸ್ಸಿನಲ್ಲಿ ನೂರು ಚೀಲದ ನಡುವೆ ಟಿಕೆಟ್ ಹರಿಯುತ್ತಿರುವ ಕಂಡಕ್ಟರ್ ಯಾವ ಚೀಲವನ್ನು ಬಿಚ್ಚಿ ನೋಡಬೇಕು? ಹಿಡಿಯಲು ಸುಲಭವಾದದ್ದು ಒಂದಿದೆ. ಪಾರ್ಟಿ ಕೋಚು, ಯಾತ್ರೆ ಬಸ್ಸುಗಳನ್ನು ಕಾಯ್ದಿರಿಸುವಾಗಲೇ ಪ್ರತಿ ದಿನದ ಊಟ ಎಲ್ಲಿ ಬೇಯುತ್ತದೆ ಎಂದು ಏಜೆಂಟರಿಂದ ಬರೆಸಿಕೊಳ್ಳುವುದು. ಛತ್ರದ ಹೆಸರೋ ಹೋಟೆಲಿನ ಹೆಸರೋ ಬರೆಯಲಾಗದವನ ಪಾತ್ರೆಗಳ ನಡುವೆ ಸಿಲಿಂಡರು ಇದ್ದೇ ಇರುತ್ತದೆ.

ಪ್ರಯಾಣದಲ್ಲಿ ನಿಮಗೇ ವಾಸನೆ ಬಂದರೆ ಏನು ಮಾಡುತ್ತೀರಿ? ಗ್ಯಾಸಿನ ವಾಸನೆಯಾದರೆ ಸ್ವಿಚ್ಚು ಮುಟ್ಟಬೇಡಿ, ಹಾಕುವುದೂ ಬೇಡ ಆರಿಸುವುದೂ ಬೇಡ. ಚಾರ್ಜರನ್ನೂ ಕೀಳಬೇಡಿ. ಎರಡೂ ಕಡೆಯ ಬಾಗಿಲು, ಕಿಟಕಿ ತೆರೆಯಿರಿ, ಕೆಳಗಿನ ಅನಿಲ ಹೊರಹೋಗುವುದು ಬಾಗಿಲಿನಿಂದ. ಜನರನ್ನು ಪಕ್ಕದ ಬೋಗಿಗೆ ದಾಟಿಸಿ. ಹೊಗೆ ಕಂಡರೆ ಚೈನು ಎಳೆಯಿರಿ. ಓಡುವ ಗಾಳಿ ಬೆಂಕಿಯನ್ನು ಹೇಗೆ ಬೆಳೆಸುತ್ತದೆ ಎಂದು ಈಜಿಪ್ಟಿನಲ್ಲಿ ನೋಡಿದೆವು. ಬಗ್ಗಿ ನಡೆಯಿರಿ, ಉಸಿರಾಡಲು ಆಗುವ ಗಾಳಿ ಇರುವುದು ಮೊಣಕಾಲಿನ ಎತ್ತರದಲ್ಲಿ. ಚೀಲ ಬಿಡಿ. ಬಸ್ಸು ಹತ್ತಿದ ಮೇಲೆ ತುರ್ತು ಕಿಟಕಿ ಎಲ್ಲಿದೆ, ಗಾಜು ಒಡೆಯುವ ಸುತ್ತಿಗೆ ತನ್ನ ಜಾಗದಲ್ಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಬಹಳ ಬಸ್ಸುಗಳಲ್ಲಿ ಸುತ್ತಿಗೆಯ ಕೊಕ್ಕೆ ಮಾತ್ರ ಉಳಿದಿರುತ್ತದೆ. ಹಾಗಿದ್ದರೆ ಬಸ್ಸು ಹೊರಡುವ ಮುಂಚೆಯೇ ಕೇಳಿ, ಜಗಳವಾದರೂ ಸರಿ.

ಇಳಿಯುವ ಮುನ್ನ ಒಂದು ಕ್ಷಣ ನಿಂತು ನೋಡಬೇಕಾದದ್ದು ಪಕ್ಕದ ಹಳಿ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಕಿ ಎಂಬ ಕೂಗೆದ್ದಿತು. ಚೈನು ಎಳೆದರು, ಗಾಡಿ ನಿಂತಿತು, ಜನ ಹಳಿಯ ಕಡೆಗೇ ಧುಮುಕಿದರು. ಎದುರಿನಿಂದ ಬಂದದ್ದು ಬೆಂಗಳೂರಿನಿಂದ ದೆಹಲಿಗೆ ಹೊರಟ ನಮ್ಮ ಕರ್ನಾಟಕ ಎಕ್ಸ್‌ಪ್ರೆಸ್. ಹತ್ತಕ್ಕೂ ಹೆಚ್ಚು ಜನ ಅದರ ಚಕ್ರಕ್ಕೆ ಸಿಕ್ಕರು. ಪುಷ್ಪಕ್‌ನಲ್ಲಿ ಬೆಂಕಿಯೇ ಇರಲಿಲ್ಲ. ಜೋಡಿ ಹಳಿಯ ಮಾರ್ಗದಲ್ಲಿ ಇಳಿಯುವುದಾದರೆ ಪಕ್ಕದಲ್ಲಿ ಹಳಿ ಇಲ್ಲದ ಬದಿಯ ಬಾಗಿಲಿನಿಂದ ಇಳಿಯಬೇಕು, ಇಳಿದು ಗಾಡಿಯಿಂದ ದೂರ ಸರಿಯಬೇಕು. ರಾತ್ರಿಯಾದರೆ ಮೊಬೈಲಿನ ಬೆಳಕನ್ನು ನೆಲಕ್ಕೆ ಬಿಟ್ಟು ನೋಡಿ: ಜಲ್ಲಿಯಾಚೆ ಇನ್ನೊಂದು ಜೋಡಿ ಕಂಬಿ ಕಂಡರೆ ಎದುರಿನ ಬಾಗಿಲಿಗೆ ಹೋಗಿ.